ಎರಡು ಗುಂಡು, ಒಂದು ಕೋನ

ಲೇತ್ ಯಂತ್ರದ ಸ್ಪಿಂಡಲ್‌ಗೆ ಕೂರಿಸುವ ಉಕ್ಕಿನ ಸ್ಲೀವ್ ನೋಡಲು ಒಂದು ದಪ್ಪ ಕೊಳವೆಯಂತಷ್ಟೇ ಕಾಣುತ್ತದೆ. ಅದರ ಹೊರಮೈ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತ ಹೋಗುತ್ತದೆ, ಒಳಗಿನ ತೂತೂ ಹಾಗೆಯೇ. ಹೀಗೆ ಕಿರಿದಾಗುವುದಕ್ಕೆ ಕಾರ್ಖಾನೆಯ ಮಾತಿನಲ್ಲಿ ಟೇಪರ್ ಎನ್ನುತ್ತಾರೆ. ಹೊರಗಿನ ಟೇಪರ್ ಐದನೇ ನಂಬರಿನದು, ಒಳಗಿನದು ಮೂರನೇ ನಂಬರಿನದು ಎಂದಿದ್ದರೆ, ದೊಡ್ಡ ಸ್ಪಿಂಡಲ್‌ಗೆ ಸಣ್ಣ ಸೆಂಟರನ್ನು ಹೊಂದಿಸಲು ಈ ಸ್ಲೀವ್ ನೆರವಾಗುತ್ತದೆ. ಬೋಲ್ಟ್ ಇಲ್ಲ, ಕೀಲಿ ಇಲ್ಲ. ಓರೆಯಾದ ಎರಡು ಮೈಗಳು ಒಂದನ್ನೊಂದು ಕಚ್ಚಿಕೊಂಡು ನಿಲ್ಲುವುದರ ಮೇಲೆಯೇ ಎಲ್ಲವೂ ನಿಂತಿದೆ. ಆ ಕಚ್ಚುವಿಕೆ ಸರಿಯಾಗಿ ಆಗಬೇಕಾದರೆ ಒಳಗಿನ ಓರೆಯೂ ಹೊರಗಿನ ಓರೆಯೂ ಒಂದೇ ಕೋನದವಾಗಿರಬೇಕು.

ಹೊರಗಿನ ಓರೆಯನ್ನು ಅಳೆಯುವುದು ಅಷ್ಟು ಕಷ್ಟವಲ್ಲ. ವಸ್ತುವನ್ನು ಸೈನ್ ಬಾರ್ ಮೇಲಿಟ್ಟು ಡಯಲ್ ಗೇಜ್ ಓಡಿಸಬಹುದು. ಒಳಗಿನದಕ್ಕೆ ಕೋನಮಾಪಕದ ಅಲಗು ತೂರುವುದಿಲ್ಲ. ವರ್ನಿಯರ್‌ನ ಒಳದವಡೆಗಳನ್ನು ತೂರಿಸಿದರೂ ಅವು ಎಷ್ಟು ಆಳದಲ್ಲಿ ಗೋಡೆಯನ್ನು ಮುಟ್ಟಿವೆ ಎಂದು ಹೇಳುವವರಿಲ್ಲ. ಅಚ್ಚುಕಟ್ಟಾದ ಪ್ಲಗ್ ಗೇಜ್‌ಗೆ ಪ್ರಷ್ಯನ್ ಬ್ಲೂ ಸವರಿ, ತೂತಿನೊಳಗೆ ಸೇರಿಸಿ, ಮೆಲ್ಲಗೆ ತಿರುಗಿಸಿ ತೆಗೆದರೆ ನೀಲಿ ಎಲ್ಲಿ ಅಳಿಸಿದೆ ಎಂಬುದರಿಂದ ಎಲ್ಲಿ ಮುಟ್ಟಿದೆ ಎಂದು ತಿಳಿಯುತ್ತದೆ. ಅದು ಒಳ್ಳೆಯ ಪರೀಕ್ಷೆ, ಆದರೆ ಕೋನ ಎಷ್ಟು ಹೆಚ್ಚಾಗಿದೆ, ಎಷ್ಟು ತಿದ್ದಬೇಕು ಎಂಬ ಸಂಖ್ಯೆಯನ್ನು ಅದು ಕೊಡುವುದಿಲ್ಲ. ಸಂಖ್ಯೆ ಬೇಕಿದ್ದರೆ ಟೂಲ್‌ರೂಮಿನವರು ಬೇರಿಂಗ್‌ನ ಎರಡು ಗುಂಡುಗಳನ್ನು ಕೈಗೆತ್ತಿಕೊಳ್ಳುತ್ತಾರೆ.

ಲಾಳಿಕೆಯೊಳಗೆ ಬಿದ್ದ ಗೋಲಿ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಸಣ್ಣ ಗೋಲಿ ಆಳಕ್ಕೆ ಇಳಿಯುತ್ತದೆ, ದೊಡ್ಡದು ಮೇಲೆಯೇ ಉಳಿಯುತ್ತದೆ. ಗೋಡೆ ನೆಟ್ಟಗಿದ್ದಷ್ಟೂ ಎರಡರ ನಡುವಿನ ಅಂತರ ಹೆಚ್ಚು, ಗೋಡೆ ಮಲಗಿದಷ್ಟೂ ಅಂತರ ಕಡಿಮೆ. ಅಂದರೆ ಗೋಲಿಗಳ ಗಾತ್ರ ಗೊತ್ತಿದ್ದು ಅವುಗಳ ನಡುವಿನ ಅಂತರವನ್ನು ಅಳೆದರೆ ಗೋಡೆಯ ಓರೆ ತಾನಾಗಿ ಸಿಗುತ್ತದೆ. ಗುಂಡು ಯಾವ ಬಿಂದುವಿನಲ್ಲಿ ಗೋಡೆಯನ್ನು ಮುಟ್ಟಿದೆ ಎಂದು ಹುಡುಕುವ ಅಗತ್ಯವೇ ಇಲ್ಲ. ಗುಂಡು ದುಂಡಗಿರುವುದರಿಂದ ಗೋಡೆಗೂ ಅದರ ಕೇಂದ್ರಕ್ಕೂ ಇರುವ ದೂರ ಅದರ ತ್ರಿಜ್ಯವೇ. ಈ ಒಂದು ಸಂಗತಿಯಿಂದಾಗಿ ಕಣ್ಣಿಗೆ ಕಾಣದ ಸ್ಪರ್ಶವನ್ನು ಅಳೆಯುವ ಕೆಲಸ ತಪ್ಪಿಹೋಗುತ್ತದೆ.

ಲೆಕ್ಕ ಹೈಸ್ಕೂಲಿನ ತ್ರಿಕೋನಮಿತಿಯಷ್ಟೇ. ಎರಡೂ ಗುಂಡುಗಳ ಕೇಂದ್ರಗಳು ತೂತಿನ ಅಕ್ಷದ ಮೇಲೆ ಒಂದರ ಮೇಲೊಂದು ನಿಲ್ಲುತ್ತವೆ. ದೊಡ್ಡದರ ತ್ರಿಜ್ಯ R, ಸಣ್ಣದರ ತ್ರಿಜ್ಯ r ಎಂದುಕೊಂಡರೆ, ಸಣ್ಣದರ ಕೇಂದ್ರದಿಂದ ದೊಡ್ಡದರ ಕೇಂದ್ರಕ್ಕೆ ಏರುವಷ್ಟರಲ್ಲಿ ಗೋಡೆಯು R − r ನಷ್ಟು ದೂರ ಸರಿದಿರುತ್ತದೆ. ಹೀಗೆ ಸರಿದ ದೂರವನ್ನು ಕೇಂದ್ರಗಳ ಅಂತರದಿಂದ ಭಾಗಿಸಿದರೆ ಬರುವುದು ಅರ್ಧಕೋನದ ಸೈನ್. ಆದರೆ ಕೇಂದ್ರವನ್ನು ಯಾವ ಉಪಕರಣವೂ ಮುಟ್ಟಲಾರದು, ಮುಟ್ಟಬಲ್ಲದ್ದು ಗುಂಡಿನ ನೆತ್ತಿಯನ್ನು ಮಾತ್ರ. ದೊಡ್ಡದರ ನೆತ್ತಿ ಅದರ ಕೇಂದ್ರಕ್ಕಿಂತ R ನಷ್ಟು ಮೇಲಿದೆ, ಸಣ್ಣದರದು r ನಷ್ಟು. ಆದ್ದರಿಂದ ನೆತ್ತಿಗಳ ಎತ್ತರದ ವ್ಯತ್ಯಾಸದಲ್ಲಿ R − r ಕಳೆದರೆ ಕೇಂದ್ರಗಳ ಅಂತರ ಸಿಗುತ್ತದೆ. ದೊಡ್ಡ ಗುಂಡಿನ ನೆತ್ತಿಯ ಎತ್ತರ H, ಸಣ್ಣದರದು h ಆದಾಗ ಸೂತ್ರ ಹೀಗಾಗುತ್ತದೆ:

sin α = (R − r) / ((H − h) − (R − r))

ಇಲ್ಲಿ α ಅಂದರೆ ಅಕ್ಷಕ್ಕೂ ಗೋಡೆಗೂ ನಡುವಿನ ಅರ್ಧಕೋನ. ತೂತಿನ ಪೂರ್ತಿ ಕೋನ ಇದರ ಎರಡರಷ್ಟು. ಹೊಸಬರು ಸಾಮಾನ್ಯವಾಗಿ ಎಡವುವುದು ಆ ಕಳೆಯುವ ಹೆಜ್ಜೆಯಲ್ಲಿ. ನೆತ್ತಿಗಳ ವ್ಯತ್ಯಾಸವನ್ನೇ ಕೇಂದ್ರಗಳ ಅಂತರ ಎಂದು ಹಿಡಿದರೆ ಉತ್ತರ ಪ್ರತಿ ಬಾರಿಯೂ ನಿಜಕ್ಕಿಂತ ಕಡಿಮೆ ಬರುತ್ತದೆ.

ಮೋರ್ಸ್ ಟೇಪರ್ ಎಂಬ ಹೆಸರು ಬಂದದ್ದು ಅಮೆರಿಕದ ಸ್ಟೀಫನ್ ಮೋರ್ಸ್ ಅವರಿಂದ. ಸುರುಳಿ ಡ್ರಿಲ್‌ಗೆ 1863ರಲ್ಲಿ ಪೇಟೆಂಟ್ ಪಡೆದವರು ಅವರೇ. ಅವರ ಟೇಪರ್‌ಗಳು ಇಂದಿಗೂ ಪ್ರಪಂಚದ ಲೇತ್, ಡ್ರಿಲ್ಲಿಂಗ್ ಯಂತ್ರಗಳಲ್ಲಿವೆ. ಬೆಂಗಳೂರಿನ ಎಚ್‌ಎಂಟಿ ತಯಾರಿಸಿದ ಲೇತ್‌ಗಳ ಟೇಲ್‌ಸ್ಟಾಕ್‌ನಲ್ಲಿಯೂ ಇರುವುದು ಅದೇ. ಈ ಟೇಪರ್‌ಗಳಲ್ಲಿ ಒಂದು ವಿಚಿತ್ರವಿದೆ: ಎಲ್ಲ ನಂಬರುಗಳಿಗೂ ಓರೆ ಒಂದೇ ಅಲ್ಲ. ಎರಡನೇ ನಂಬರಿನಲ್ಲಿ 20.020 ಮಿಲಿಮೀಟರ್ ಉದ್ದಕ್ಕೆ ವ್ಯಾಸ ಒಂದು ಮಿಲಿಮೀಟರ್ ಕುಗ್ಗಿದರೆ, ಮೂರನೆಯದರಲ್ಲಿ 19.922 ಮಿಲಿಮೀಟರಿಗೇ ಅಷ್ಟು ಕುಗ್ಗುತ್ತದೆ. ಅರ್ಧಕೋನದಲ್ಲಿ ಹೇಳುವುದಾದರೆ ಎರಡನೆಯದು 1 ಡಿಗ್ರಿ 25 ಮಿನಿಟು 50 ಸೆಕೆಂಡು, ಮೂರನೆಯದು 1 ಡಿಗ್ರಿ 26 ಮಿನಿಟು 16 ಸೆಕೆಂಡು. ಒಂದು ಡಿಗ್ರಿಗೆ 3600 ಸೆಕೆಂಡು. ಎರಡು ನಂಬರುಗಳ ನಡುವೆ ಇರುವುದು ಅದರಲ್ಲಿ 26 ಸೆಕೆಂಡು ಮಾತ್ರ. ಗುಂಡುಗಳ ಅಳತೆಗೆ ಬೆಲೆ ಬರಬೇಕಾದರೆ ಈ 26 ಸೆಕೆಂಡನ್ನಾದರೂ ಅದು ಖಂಡಿತವಾಗಿ ಬೇರ್ಪಡಿಸಿ ತೋರಿಸಬೇಕು.

ಮೂರನೇ ನಂಬರಿನ ತೂತಿನ ಬಾಯಿ 23.825 ಮಿಲಿಮೀಟರ್ ಅಗಲ, ಒಳತುದಿ ಸುಮಾರು 19.8. ಆದ್ದರಿಂದ ಎರಡು ಗುಂಡುಗಳೂ ಈ ನಡುವಿನ ಗಾತ್ರದವಾಗಿರಬೇಕು. ಬೇರಿಂಗ್ ಗುಂಡುಗಳು ಇಂಚಿನ ಅಳತೆಯಲ್ಲಿಯೂ ಸಿಗುತ್ತವೆ. ಅವುಗಳಲ್ಲಿ ಎಂಟನೇ ಏಳು ಇಂಚಿನದು, ಅಂದರೆ 22.225 ಮಿಲಿಮೀಟರಿನದು, ಇಲ್ಲಿ ದೊಡ್ಡ ಗುಂಡಾಗಬಹುದು. ಹದಿನಾರನೇ ಹದಿಮೂರು ಇಂಚಿನದು, ಅಂದರೆ ಸುಮಾರು 20.638 ಮಿಲಿಮೀಟರಿನದು, ಸಣ್ಣದಾಗಬಹುದು. ತೂತು ಸರಿಯಾಗಿದ್ದರೆ ದೊಡ್ಡದು ಬಾಯಿಯಿಂದ ಸುಮಾರು 32 ಮಿಲಿಮೀಟರ್ ಆಳದಲ್ಲಿ ಗೋಡೆಯನ್ನು ಮುಟ್ಟುತ್ತದೆ, ಸಣ್ಣದು 64ರ ಆಸುಪಾಸಿನಲ್ಲಿ. ಎರಡೂ ಬಾಯಿಯ ಅಂಚಿನಿಂದ ದೂರ ಇರುವುದು ಒಳ್ಳೆಯದೇ. ಅಂಚಿನಲ್ಲಿ ಚೇಂಫರ್ ಇರುತ್ತದೆ, ಬರ್ ಎದ್ದಿರುತ್ತದೆ, ಹಲವು ವರ್ಷ ಬಳಸಿದ್ದರೆ ಬಾಯಿ ಸವೆದು ಅಗಲವಾಗಿರುತ್ತದೆ. ಅಲ್ಲಿ ಕೂತ ಗುಂಡು ತೂತಿನ ಕೋನವನ್ನು ಹೇಳುವುದಿಲ್ಲ.

ಕೆಲಸ ಶುರುವಾಗುವುದು ಒರೆಸುವುದರಿಂದ. ಸ್ಲೀವನ್ನು ಸರ್ಫೇಸ್ ಪ್ಲೇಟಿನ ಮೇಲೆ, ದೊಡ್ಡ ಬಾಯಿ ಮೇಲಾಗಿ ನಿಲ್ಲಿಸುತ್ತಾರೆ. ಸಣ್ಣ ಗುಂಡನ್ನು ಕೈಯಿಂದ ಬಿಡದೆ ಮೆಲ್ಲಗೆ ಜಾರಿಸುತ್ತಾರೆ. ಬಾಯಿಯ ಮುಖದ ಮೇಲೆ ಡೆಪ್ತ್ ಮೈಕ್ರೋಮೀಟರಿನ ಪಟ್ಟಿಯನ್ನು ಅದುಮಿ ಹಿಡಿದು, ಅದರ ಕಡ್ಡಿಯನ್ನು ಗುಂಡಿನ ನೆತ್ತಿ ಮುಟ್ಟುವ ತನಕ ಇಳಿಸಿ ಆಳವನ್ನು ಬರೆದುಕೊಳ್ಳುತ್ತಾರೆ. ಕಡ್ಡಿಯ ತುದಿ ಚಪ್ಪಟೆಯಾಗಿದ್ದು ನೆತ್ತಿಯನ್ನು ತನ್ನೊಳಗೆ ಹಿಡಿದಿದ್ದರೆ ಸಾಕು, ಸರಿಯಾಗಿ ನಡುವಿನಲ್ಲೇ ಇಳಿಯಬೇಕೆಂದಿಲ್ಲ. ನೆತ್ತಿಯನ್ನು ತಪ್ಪಿಸಿ ಪಕ್ಕದ ಇಳಿಜಾರನ್ನು ಮುಟ್ಟಿದರೆ ಮಾತ್ರ ಆಳ ಸುಳ್ಳಾಗುತ್ತದೆ, ಅದಕ್ಕೇ ಪಟ್ಟಿಯನ್ನು ಆಚೀಚೆ ಸರಿಸಿ, ಬಂದ ಆಳಗಳಲ್ಲಿ ಅತಿ ಕಡಿಮೆಯದನ್ನು ಹಿಡಿಯುತ್ತಾರೆ. ಆಮೇಲೆ ದೊಡ್ಡ ಗುಂಡು. ಈ ಜೋಡಿಯಲ್ಲಿ ಕೇಂದ್ರಗಳ ಅಂತರ ಎರಡು ತ್ರಿಜ್ಯಗಳ ಮೊತ್ತಕ್ಕಿಂತ ಹತ್ತು ಮಿಲಿಮೀಟರ್ ಹೆಚ್ಚಿರುವುದರಿಂದ ಸಣ್ಣದನ್ನು ತೆಗೆಯದೆಯೇ ದೊಡ್ಡದನ್ನು ಇಳಿಸಬಹುದು, ಒಂದಕ್ಕೊಂದು ತಾಗುವುದಿಲ್ಲ.

ಒಂದು ಸ್ಲೀವಿನಲ್ಲಿ ಸಣ್ಣ ಗುಂಡಿನ ನೆತ್ತಿ ಬಾಯಿಯಿಂದ 53.06 ಮಿಲಿಮೀಟರ್ ಆಳದಲ್ಲಿ, ದೊಡ್ಡದರ ನೆತ್ತಿ 20.69 ಆಳದಲ್ಲಿ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಗುಂಡುಗಳನ್ನು ಬೇರೆಯಾಗಿ ಅಳೆದಾಗ ದೊಡ್ಡದರ ವ್ಯಾಸ 22.225, ಸಣ್ಣದರದು 20.637 ಬಂದಿದೆ. ತ್ರಿಜ್ಯಗಳ ವ್ಯತ್ಯಾಸ 0.794. ನೆತ್ತಿಗಳ ವ್ಯತ್ಯಾಸ 32.37. ಅದರಲ್ಲಿ 0.794 ಕಳೆದರೆ ಕೇಂದ್ರಗಳ ಅಂತರ 31.576. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸೈನ್ 0.025146, ಕೋನ 1 ಡಿಗ್ರಿ 26 ಮಿನಿಟು 27 ಸೆಕೆಂಡು. ಇರಬೇಕಾದದ್ದಕ್ಕಿಂತ 11 ಸೆಕೆಂಡು ಹೆಚ್ಚು. ಇದು ಸಣ್ಣದೆಂದು ತೋರಬಹುದು. ಆದರೆ 75 ಮಿಲಿಮೀಟರ್ ಉದ್ದದಲ್ಲಿ ಇಷ್ಟು ಕೋನ ವ್ಯಾಸದ ಮೇಲೆ ಸುಮಾರು 8 ಮೈಕ್ರಾನ್ ವ್ಯತ್ಯಾಸ ತರುತ್ತದೆ. ತೂತು ಸೆಂಟರಿಗಿಂತ ಹೆಚ್ಚು ಓರೆ ಇರುವುದರಿಂದ ಸೆಂಟರ್ ಒಳತುದಿಯಲ್ಲಿ ಮಾತ್ರ ಕಚ್ಚುತ್ತದೆ, ಬಾಯಿಯ ಕಡೆ ಸಡಿಲವಾಗಿ ನಿಲ್ಲುತ್ತದೆ. ಬ್ಲೂ ಹಚ್ಚಿ ನೋಡಿದರೆ ನೀಲಿ ಅಳಿಸಿರುವುದು ಒಳಗಿನ ಸಣ್ಣ ತುದಿಯಲ್ಲಿ ಮಾತ್ರ.

ಇದೇ ಅಳತೆಯಿಂದ ಬಾಯಿಯ ವ್ಯಾಸವನ್ನೂ ಪಡೆಯಬಹುದು. ದೊಡ್ಡ ಗುಂಡಿನ ಕೇಂದ್ರ ಬಾಯಿಯಿಂದ 31.80 ಮಿಲಿಮೀಟರ್ ಕೆಳಗಿದೆ. ಅಲ್ಲಿಂದ ಬಾಯಿಯವರೆಗೆ ಗೋಡೆ ಎಷ್ಟು ಅಗಲವಾಗುತ್ತದೆಂದು ಕೋನ ಹೇಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಬಾಯಿ 23.832 ಬರುತ್ತದೆ, ನಿಯಮಕ್ಕಿಂತ 7 ಮೈಕ್ರಾನ್ ಹೆಚ್ಚು. ಚೇಂಫರ್ ಮಾಡಿದ ಬಾಯಿಯ ವ್ಯಾಸವನ್ನು ನೇರವಾಗಿ ಅಳೆಯಲು ಬೇರೆ ದಾರಿ ಇಲ್ಲದಿರುವಾಗ ಇದು ದೊಡ್ಡ ಅನುಕೂಲ.

ಹಾಗಾದರೆ ಆ 11 ಸೆಕೆಂಡನ್ನು ಎಷ್ಟು ನಂಬಬಹುದು? ಈ ವಿಧಾನದ ನಿಜವಾದ ಗುಟ್ಟು ಇಲ್ಲಿದೆ, ಮತ್ತು ಅದು ಮೊದಲ ಊಹೆಗೆ ವಿರುದ್ಧವಾಗಿದೆ. ಎಲ್ಲರ ಗಮನವೂ ಆಳದ ಅಳತೆಯ ಮೇಲಿರುತ್ತದೆ, ಏಕೆಂದರೆ ಕಷ್ಟಪಟ್ಟು ಅಳೆಯುವುದು ಅದನ್ನೇ. ಆದರೆ ಇಷ್ಟು ನೆಟ್ಟನೆಯ ಗೋಡೆಯಲ್ಲಿ ಆಳದಲ್ಲಿ 0.01 ಮಿಲಿಮೀಟರ್ ತಪ್ಪಿದರೆ ಕೋನ ತಪ್ಪುವುದು ಒಂದೂವರೆ ಸೆಕೆಂಡಿನಷ್ಟು ಮಾತ್ರ. ಅದೇ 0.01 ಮಿಲಿಮೀಟರ್ ತಪ್ಪು ಗುಂಡುಗಳ ವ್ಯಾಸದ ವ್ಯತ್ಯಾಸದಲ್ಲಿ ಆದರೆ ಕೋನ 33 ಸೆಕೆಂಡು ತಪ್ಪುತ್ತದೆ. ಎರಡನೇ ನಂಬರಿಗೂ ಮೂರನೇ ನಂಬರಿಗೂ ಇರುವ ಅಂತರಕ್ಕಿಂತ ಅದು ಹೆಚ್ಚು! ಎಷ್ಟೇ ಜಾಗರೂಕತೆಯಿಂದ ಆಳ ಅಳೆದರೂ, ಗುಂಡಿನ ಡಬ್ಬಿಯ ಮೇಲೆ ಬರೆದ ಗಾತ್ರವನ್ನು ಹಾಗೆಯೇ ನಂಬಿ ಲೆಕ್ಕಕ್ಕೆ ಹಾಕಿದವರ ಉತ್ತರಕ್ಕೆ ಅರ್ಥವಿರುವುದಿಲ್ಲ.

ಬೇರಿಂಗ್ ಗುಂಡುಗಳು ಬಹಳ ಚೆನ್ನಾಗಿ ದುಂಡಗಿರುತ್ತವೆ, ಒಂದೇ ಡಬ್ಬಿಯ ಗುಂಡುಗಳು ಒಂದಕ್ಕೊಂದು ಹೋಲುತ್ತವೆ. ಆದರೆ ಇಡೀ ಡಬ್ಬಿಯೇ ಹೆಸರಿನ ಗಾತ್ರಕ್ಕಿಂತ ಕೆಲವು ಮೈಕ್ರಾನ್ ಆಚೀಚೆ ಇರಬಹುದು. ಬೇರಿಂಗ್ ತಯಾರಿಸುವವರಿಗೆ ಅದರಿಂದ ತೊಂದರೆಯಿಲ್ಲ, ಅವರಿಗೆ ಬೇಕಾದದ್ದು ಗುಂಡುಗಳ ನಡುವಿನ ಸಮಾನತೆ. ಟೇಪರ್ ಅಳೆಯುವವರಿಗೆ ಬೇಕಾದದ್ದು ಎರಡು ಬೇರೆ ಬೇರೆ ಡಬ್ಬಿಗಳ ಗುಂಡುಗಳ ನಿಜವಾದ ವ್ಯತ್ಯಾಸ. ಆದ್ದರಿಂದ ಪ್ರತಿ ಗುಂಡನ್ನೂ ಒಂದು ಮೈಕ್ರಾನ್ ತೋರಿಸುವ ಉಪಕರಣದಲ್ಲಿ, ಸ್ಲಿಪ್ ಗೇಜ್‌ಗೆ ಹೋಲಿಸಿ ಅಳೆಯಬೇಕು. ಸಾಮಾನ್ಯ 0.01ರ ಮೈಕ್ರೋಮೀಟರ್ ಇಲ್ಲಿ ಸಾಲದು. ಗುಂಡುಗಳ ವ್ಯಾಸವನ್ನು ತಲಾ ಒಂದು ಮೈಕ್ರಾನ್‌ನೊಳಗೆ, ಆಳಗಳನ್ನು ತಲಾ 0.01ರೊಳಗೆ ಹಿಡಿದರೆ, ಎಲ್ಲ ತಪ್ಪುಗಳೂ ಒಂದೇ ಕಡೆ ಕೂಡಿದರೂ ಹತ್ತು ಸೆಕೆಂಡು ದಾಟುವುದಿಲ್ಲ. ಮೇಲಿನ ಉದಾಹರಣೆಯ 11 ಸೆಕೆಂಡು ಆ ಗೆರೆಯನ್ನು ಸ್ವಲ್ಪವೇ ದಾಟಿದೆ. ಅಂಥ ಉತ್ತರವನ್ನು ಇನ್ನೊಮ್ಮೆ ಪರೀಕ್ಷಿಸದೆ ಗ್ರೈಂಡರ್ ಮುಟ್ಟುವುದು ಸರಿಯಲ್ಲ.

ಮಲಗಿದ ಗೋಡೆಗಳಲ್ಲಿ ಈ ತಕ್ಕಡಿ ಬದಲಾಗುತ್ತದೆ. ಲೇತ್ ಸೆಂಟರಿಗಾಗಿ ಕೊರೆಯುವ 60 ಡಿಗ್ರಿಯ ತೂತಿನಲ್ಲಿ ಕೇಂದ್ರಗಳ ಅಂತರ ತ್ರಿಜ್ಯಗಳ ವ್ಯತ್ಯಾಸದ ಎರಡು ಪಟ್ಟು ಮಾತ್ರ. ಅಲ್ಲಿ ಆಳದ ಅಳತೆಯಲ್ಲೂ ಅಷ್ಟೇ ಎಚ್ಚರ ಬೇಕು. ಮೋರ್ಸ್‌ನಂಥ ನೆಟ್ಟನೆಯ ತೂತಿನಲ್ಲಿ ಅದು 40 ಪಟ್ಟು. ಅಂದರೆ ತ್ರಿಜ್ಯದ ಒಂದು ಮೈಕ್ರಾನ್ ಆಳದಲ್ಲಿ 40 ಮೈಕ್ರಾನ್ ಆಗಿ ಕಾಣಿಸಿಕೊಳ್ಳುತ್ತದೆ.

ಈ 40 ಪಟ್ಟು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಲಸದ ಮನೆಯಲ್ಲಿ ಆಗುವ ಬಹುಪಾಲು ಎಡವಟ್ಟುಗಳು ಅರ್ಥವಾಗುತ್ತವೆ. ಗೋಡೆಯ ಮೇಲೆ ಎರಡು ಮೈಕ್ರಾನ್ ಎಣ್ಣೆ ಉಳಿದಿದ್ದರೆ ಗುಂಡು 0.08 ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಎರಡೂ ಗುಂಡಿಗೆ ಅದೇ ಪದರ ಸಿಕ್ಕಿದರೆ ವ್ಯತ್ಯಾಸದಲ್ಲಿ ಅದು ಅಳಿದುಹೋಗುತ್ತದೆ, ಒಂದಕ್ಕೆ ಮಾತ್ರ ಸಿಕ್ಕಿದರೆ ಕೋನವೇ ಕೆಡುತ್ತದೆ. ಕೈಯ ಬಿಸಿಯೂ ಹಾಗೆಯೇ. ಅಂಗೈಯಲ್ಲಿ ಹಿಡಿದು ಹತ್ತು ಡಿಗ್ರಿ ಬಿಸಿಯಾದ ದೊಡ್ಡ ಗುಂಡು ವ್ಯಾಸದಲ್ಲಿ ಎರಡೂವರೆ ಮೈಕ್ರಾನ್ ಹಿಗ್ಗಿ, 0.05 ಮಿಲಿಮೀಟರ್ ಎತ್ತರದಲ್ಲಿ ಕೂರುತ್ತದೆ. ಅಷ್ಟಕ್ಕೇ ಎಂಟು ಸೆಕೆಂಡು ತಪ್ಪು. ಆದ್ದರಿಂದ ಒರೆಸಿದ ಗುಂಡುಗಳನ್ನು ಸರ್ಫೇಸ್ ಪ್ಲೇಟಿನ ಮೇಲೆ ಸ್ಲೀವಿನ ಪಕ್ಕದಲ್ಲೇ ಆರಲು ಬಿಡುತ್ತಾರೆ.

ಇನ್ನೊಂದು ತೊಂದರೆ ಗುಂಡು ಸಿಕ್ಕಿಕೊಳ್ಳುವುದು. ಮೋರ್ಸ್ ಟೇಪರ್ ಇರುವುದೇ ತಾನಾಗಿ ಕಚ್ಚಿಕೊಳ್ಳಲು, ಗುಂಡನ್ನೂ ಅದು ಬಿಡುವುದಿಲ್ಲ. 22 ಮಿಲಿಮೀಟರಿನ ಉಕ್ಕಿನ ಗುಂಡಿನ ತೂಕ 45 ಗ್ರಾಂ ಅಷ್ಟೇ. ಮೈಕ್ರೋಮೀಟರಿನ ರ‍್ಯಾಚೆಟ್ ಅದನ್ನು ಅದರ ತೂಕದ ಹತ್ತಾರು ಪಟ್ಟು ಬಲದಿಂದ ಒತ್ತುತ್ತದೆ. ಮೇಲಿನಿಂದ ಧೊಪ್ಪನೆ ಬಿಟ್ಟರಂತೂ ಗುಂಡು ಬೆಣೆಯಂತೆ ಇಳಿದು ಗೋಡೆಗೆ ಉಂಗುರದಂಥ ಗುರುತು ಬಿಡಬಹುದು. ಇದನ್ನು ಪತ್ತೆ ಮಾಡುವುದು ಸುಲಭ: ಒಂದೇ ಗುಂಡನ್ನು ಅಲುಗಿಸದೆ ಮತ್ತೆ ಮತ್ತೆ ಅಳೆದಾಗ ಆಳ ಒಂದೇ ದಿಕ್ಕಿನಲ್ಲಿ ಹೆಚ್ಚುತ್ತ ಹೋದರೆ ಕಡ್ಡಿಯೇ ಗುಂಡನ್ನು ಒಳಗೆ ತಳ್ಳುತ್ತಿದೆ. ತೆಗೆದು ಹಾಕಿ ಅಳೆದಾಗ ಅಳತೆಗಳು ಚೆಲ್ಲಾಪಿಲ್ಲಿಯಾದರೆ ಕೊಳೆ ಉಳಿದಿದೆ. ಅನುಭವಸ್ಥರು ಎರಡೂ ಗುಂಡುಗಳನ್ನು ಹಿತ್ತಾಳೆಯ ಸರಳಿನಿಂದ ಒಂದೇ ಹದದಲ್ಲಿ ಹಗುರಾಗಿ ಒತ್ತಿ ಕೂರಿಸುತ್ತಾರೆ, ಹಾಗೆ ಕೂತದ್ದು ಎರಡರಲ್ಲೂ ಹತ್ತಿರಹತ್ತಿರ ಒಂದೇ ಆಗಿರುವುದರಿಂದ ವ್ಯತ್ಯಾಸದಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ತೆಗೆಯುವಾಗ ಅದೇ ಸರಳನ್ನು ಕೆಳಗಿನ ತೆರೆದ ತುದಿಯಿಂದ ತೂರಿಸಿ ತಟ್ಟಿದರೆ ಆಯಿತು. ಹಿಂಬದಿ ಮುಚ್ಚಿದ ತೂತಾದರೆ ಗುಂಡು ಹಾಕುವ ಮೊದಲೇ ತೆಗೆಯುವ ದಾರಿಯನ್ನು ಯೋಚಿಸಿರಬೇಕು.

ಸ್ಲೀವ್ ಸ್ವಲ್ಪ ವಾಲಿ ನಿಂತಿದ್ದರೆ ಎಂಬ ಚಿಂತೆ ಮಾತ್ರ ಅಷ್ಟು ಬೇಡ. ಹೈಟ್ ಗೇಜ್‌ನಿಂದ ಎತ್ತರ ಅಳೆಯುವಾಗ ಸ್ಲೀವ್ ಪೂರಾ ಒಂದು ಡಿಗ್ರಿ ವಾಲಿದ್ದರೂ ಈ ಅಂತರದಲ್ಲಿ 0.005 ಮಿಲಿಮೀಟರ್ ಮಾತ್ರ ಕಡಿಮೆಯಾಗುತ್ತದೆ.

ಎರಡು ಗುಂಡುಗಳು ಹೇಳಲಾರದ ಸಂಗತಿಗಳೂ ಇವೆ. ಅವು ಮುಟ್ಟುವುದು ಎರಡು ವೃತ್ತಗಳಲ್ಲಿ ಮಾತ್ರ. ಆ ವೃತ್ತಗಳ ನಡುವೆ ಗೋಡೆ ನೇರವಾಗಿದೆ ಎಂದು ಸೂತ್ರ ನಂಬಿಕೊಂಡಿದೆ. ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿದ್ದರೂ ಲೆಕ್ಕ ಒಂದು ಕೋನವನ್ನು ಕೊಡುತ್ತದೆ, ಆದರೆ ಆ ಕೋನದ ಗೋಡೆ ಅಲ್ಲಿ ಇರುವುದಿಲ್ಲ. ತೂತು ಮೊಟ್ಟೆಯಾಕಾರವಾಗಿದ್ದರೆ ಗುಂಡು ಕಿರಿದಾದ ಕಡೆಯ ಎರಡು ಬಿಂದುಗಳ ಮೇಲೆ ಕೂರುತ್ತದೆ, ಅದರ ಅಗಲವಾದ ಕಡೆ ಪೂರಾ ಮರೆಯಾಗಿಬಿಡುತ್ತದೆ. ಮೊಟ್ಟೆಯಾಕಾರವನ್ನು ಹಿಡಿಯಲು ಗುಂಡು ಉಪಯೋಗವಿಲ್ಲ, ಅದಕ್ಕೆ ಬ್ಲೂ ಬೇಕು, ಇಲ್ಲವೇ ಸ್ಲೀವನ್ನು ತಿರುಗಿಸುತ್ತ ಡಯಲ್ ಗೇಜ್ ನೋಡಬೇಕು.

ನೇರವಿದೆಯೇ ಎಂದು ನೋಡಲು ಮೂರನೇ ಗುಂಡು ಸಾಕು. ಮೂವತ್ತೆರಡನೇ ಇಪ್ಪತ್ತೇಳು ಇಂಚಿನ ಗುಂಡು, ಅಂದರೆ ಸುಮಾರು 21.431 ಮಿಲಿಮೀಟರಿನದು, ಮೇಲಿನ ಎರಡರ ನಟ್ಟನಡುವಿನ ಗಾತ್ರದ್ದು. ಗೋಡೆ ನೇರವಾಗಿದ್ದರೆ ಅದರ ನೆತ್ತಿಯೂ ಇನ್ನೆರಡರ ನಟ್ಟನಡುವೆ ನಿಲ್ಲಬೇಕು. ಉದಾಹರಣೆಯ ಸ್ಲೀವಿನಲ್ಲಿ 53.06 ಮತ್ತು 20.69ರ ನಡುವೆ ಅಂದರೆ 36.875ರಲ್ಲಿ. ಅದು 36.92ರಲ್ಲಿ ಸಿಕ್ಕಿತೆಂದರೆ ಆ ಆಳದಲ್ಲಿ ತೂತು ತ್ರಿಜ್ಯದಲ್ಲಿ ಸುಮಾರು ಒಂದು ಮೈಕ್ರಾನ್ ಹಿಗ್ಗಿದೆ ಎಂದರ್ಥ. ಒಂದು ಮೈಕ್ರಾನಿನ ಉಬ್ಬನ್ನು ಸಾಮಾನ್ಯ ಡೆಪ್ತ್ ಮೈಕ್ರೋಮೀಟರಿನಲ್ಲಿ ಕಾಣುವುದು ಸಾಧ್ಯವಾದದ್ದು ಆ 40 ಪಟ್ಟಿನಿಂದಲೇ. ಆದರೆ ಹಾಗೆನ್ನುವ ಮೊದಲು ಮೂರನೇ ಗುಂಡಿನ ವ್ಯಾಸವನ್ನೂ ಮೊದಲೆರಡರಷ್ಟೇ ಎಚ್ಚರದಿಂದ ಅಳೆದಿರಬೇಕು, ಏಕೆಂದರೆ ಗುಂಡೇ ಎರಡು ಮೈಕ್ರಾನ್ ಸಣ್ಣದಿದ್ದರೂ ಅದೇ 36.92 ಬರುತ್ತದೆ.

ಮೂರನೇ ಗುಂಡು ತನ್ನ ಜಾಗದಲ್ಲಿ ಕೂತು, ಮತ್ತೆ ಮತ್ತೆ ಅಳೆದಾಗಲೂ ಕೋನ 11 ಸೆಕೆಂಡು ಹೆಚ್ಚೇ ಬಂದು, ಬ್ಲೂ ಕೂಡ ಒಳತುದಿಯಲ್ಲಿ ಮಾತ್ರ ಅಳಿಸಿದ್ದರೆ ಆಗ ತಿದ್ದುವ ಕೆಲಸ. ಗ್ರೈಂಡಿಂಗ್ ಯಂತ್ರದ ಮೇಜನ್ನು 11 ಸೆಕೆಂಡು ತಿರುಗಿಸುವ ಗುರುತು ಅದರ ಡಿಗ್ರಿ ಪಟ್ಟಿಯಲ್ಲಿ ಇರುವುದಿಲ್ಲ. ಮೇಜು ತಿರುಗುವ ಕೇಂದ್ರದಿಂದ ಅರ್ಧ ಮೀಟರ್ ದೂರದಲ್ಲಿ ಅದರ ಅಂಚಿಗೆ ಡಯಲ್ ಗೇಜ್ ತಾಗಿಸಿ, ಮುಳ್ಳು 0.027 ಮಿಲಿಮೀಟರ್ ಸರಿಯುವಷ್ಟು ಮೇಜನ್ನು ತಳ್ಳಿ ಬಿಗಿಯುತ್ತಾರೆ. ಆದರೆ ಬಾಯಿ ಈಗಾಗಲೇ 7 ಮೈಕ್ರಾನ್ ಅಗಲ. ಕೋನ ತಿದ್ದಲು ಒಳತುದಿಯನ್ನು ಸವೆಸಿದಾಗ ಬಾಯಿಯನ್ನು ಮುಟ್ಟದೆ ಬಿಟ್ಟರೂ ಸೆಂಟರ್ ಸುಮಾರು 0.14 ಮಿಲಿಮೀಟರ್ ಒಳಗೆ ಕೂರುತ್ತದೆ. ಸ್ಲೀವಿನ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲ. ಗೇಜ್ ಆಗಿ ಬಳಸುವ ತೂತಾದರೆ ಬಾಯಿಯ ಮುಖವನ್ನೇ ಅಷ್ಟು ಸವೆಸಿ ವ್ಯಾಸವನ್ನು 23.825ಕ್ಕೆ ತರಬೇಕಾಗುತ್ತದೆ.